ಐವರ ತಂಡಕ್ಕೆ ಎಂಟೇ ಚೀಟಿ

ಮೈಕ್ರೋಸಾಫ್ಟ್ ಕಂಪನಿ ತನ್ನ ಒಳಬಳಕೆಗೆ ಇಟ್ಟುಕೊಂಡಿದ್ದ ಸಾಫ್ಟ್‌ವೇರ್‌ಗಳ ಸಣ್ಣಪುಟ್ಟ ದುರಸ್ತಿ ನೋಡಿಕೊಳ್ಳಲು 2004ರಲ್ಲಿ ಹೈದರಾಬಾದಿನಲ್ಲಿ ಒಂದು ಪುಟ್ಟ ತಂಡವಿತ್ತು. ಮೂವರು ಡೆವಲಪರ್‌ಗಳು, ಮೂವರು ಟೆಸ್ಟರ್‌ಗಳು. ಕೆಲಸ ಗೊತ್ತಿದ್ದವರೇ, ಶಿಸ್ತಿನವರೇ. ಆದರೂ ಯಾವುದಾದರೂ ವಿಭಾಗ ಒಂದು ಸಣ್ಣ ಬದಲಾವಣೆ ಕೇಳಿದರೆ ಅದು ಕೈಗೆ ಸಿಗಲು ಸರಾಸರಿ ಐದು ತಿಂಗಳು ಹಿಡಿಯುತ್ತಿತ್ತು. ಸರದಿಯಲ್ಲಿ ಎಂಬತ್ತಕ್ಕೂ ಹೆಚ್ಚು ಕೋರಿಕೆಗಳು ಕಾದಿದ್ದವು, ತಿಂಗಳು ಕಳೆದಂತೆ ಅವು ಬೆಳೆಯುತ್ತಲೇ ಇದ್ದವು.

ಆ ತಂಡದ ಹೊಣೆ ಡ್ರಾಗೊಸ್ ಡುಮಿಟ್ರಿಯು ಎಂಬ ಮ್ಯಾನೇಜರ್ ಹೆಗಲಿಗೆ ಬಂತು. ಅವರು ಅದೇ ಕಂಪನಿಯಲ್ಲಿದ್ದ ಡೇವಿಡ್ ಆಂಡರ್ಸನ್ ಅವರ ಸಲಹೆ ಕೇಳಿದರು. ಇಬ್ಬರೂ ಸೇರಿ ಮಾಡಿದ ಬದಲಾವಣೆಗಳಲ್ಲಿ ಮುಖ್ಯವಾದವು ಎರಡು. ಪ್ರತಿ ಕೋರಿಕೆ ಬಂದ ಕೂಡಲೇ 'ಇದಕ್ಕೆ ಎಷ್ಟು ದಿನ ಬೇಕು' ಎಂದು ಅಂದಾಜು ಹಾಕಿಕೊಡುವ ಪದ್ಧತಿಯನ್ನು ನಿಲ್ಲಿಸಿದರು. ತಂಡದ ಸಮಯದ ದೊಡ್ಡ ಪಾಲನ್ನು ಅದೇ ನುಂಗುತ್ತಿತ್ತು. ಎರಡನೆಯದಾಗಿ, ಒಬ್ಬ ಡೆವಲಪರ್ ಕೈಯಲ್ಲಿ ಒಂದು ಹೊತ್ತಿಗೆ ಒಂದೇ ಕೆಲಸ, ಒಬ್ಬ ಟೆಸ್ಟರ್ ಕೈಯಲ್ಲೂ ಒಂದೇ, ನಡುವೆ ಕಾಯಲು ಬೆರಳೆಣಿಕೆಯಷ್ಟು ಮಾತ್ರ ಎಂದು ಕಟ್ಟುಪಾಡು ಹಾಕಿದರು. 2005ರ ಕೊನೆಯ ಹೊತ್ತಿಗೆ ಸರಾಸರಿ ಕಾಯುವಿಕೆ ಐದು ತಿಂಗಳಿಂದ ಹದಿನಾಲ್ಕು ದಿನಕ್ಕೆ ಇಳಿದಿತ್ತು. ಆಂಡರ್ಸನ್ ಮುಂದೆ 2010ರಲ್ಲಿ ಬರೆದ ಪುಸ್ತಕದಲ್ಲಿ ಈ ಪ್ರಸಂಗವನ್ನು ವಿವರವಾಗಿ ಹೇಳಿಕೊಂಡಿದ್ದಾರೆ. ಪೂರ್ತಿ ಶ್ರೇಯಸ್ಸನ್ನು ಕಟ್ಟುಪಾಡಿಗೇ ಕೊಡುವುದು ಸರಿಯಲ್ಲ, ಅಂದಾಜಿನ ಹೊರೆ ಇಳಿದದ್ದೂ ದೊಡ್ಡ ಕಾರಣವೇ. ಆದರೆ ಟೊಯೋಟಾದ ಕಾರು ಕಾರ್ಖಾನೆಗಳಲ್ಲಿ ಬೆಳೆದ ಕಾನ್‌ಬಾನ್ ಪದ್ಧತಿ ಸಾಫ್ಟ್‌ವೇರ್ ಕಚೇರಿಗಳಿಗೆ ಕಾಲಿಟ್ಟದ್ದು ಹೀಗೆ. ಈಗ ಬೆಂಗಳೂರಿನ ಎಷ್ಟೋ ಕಚೇರಿಗಳ ಗೋಡೆ ಅಥವಾ ಪರದೆಯ ಮೇಲೆ ಒಂದಲ್ಲ ಒಂದು ಕಾನ್‌ಬಾನ್ ಬೋರ್ಡ್ ಇದೆ. ಬೋರ್ಡ್ ಬಂದಷ್ಟು ಸಲೀಸಾಗಿ ಅದರ ಜೊತೆಗಿದ್ದ ಮಿತಿ ಮಾತ್ರ ಬರಲಿಲ್ಲ.

ಬೋರ್ಡ್ ಎಂದರೆ ಬೇರೇನಲ್ಲ, ಕೆಲವು ಕಂಬಸಾಲುಗಳು. ಎಡತುದಿಯಲ್ಲಿ ಮಾಡಬೇಕಾದ ಕೆಲಸ, ಬಲತುದಿಯಲ್ಲಿ ಮುಗಿದ ಕೆಲಸ, ನಡುವೆ ಡೆವಲಪ್‌ಮೆಂಟ್, ರಿವ್ಯೂ, ಟೆಸ್ಟಿಂಗ್. ಒಂದೊಂದು ಕೆಲಸಕ್ಕೂ ಒಂದೊಂದು ಚೀಟಿ. ಕೆಲಸ ಸಾಗಿದಂತೆ ಚೀಟಿ ಬಲಕ್ಕೆ ಸರಿಯುತ್ತದೆ. ನಡುವಿನ ಕಂಬಸಾಲುಗಳಲ್ಲಿ ಇರುವ ಚೀಟಿಗಳೆಲ್ಲ 'ಶುರುವಾಗಿದೆ, ಮುಗಿದಿಲ್ಲ' ಎಂಬ ಸ್ಥಿತಿಯವು. ಅವು ಇಷ್ಟಕ್ಕಿಂತ ಹೆಚ್ಚಬಾರದು ಎಂದು ಕಂಬಸಾಲಿನ ತಲೆಯ ಮೇಲೆ ಒಂದು ಅಂಕಿ ಬರೆದರೆ ಅದೇ ವಿಪ್ ಲಿಮಿಟ್.

ಐವರು ಡೆವಲಪರ್‌ಗಳ ಒಂದು ತಂಡವನ್ನು ಊಹಿಸಿಕೊಳ್ಳೋಣ. ಬೇರೆ ಟೆಸ್ಟರ್ ಇಲ್ಲ, ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡಿ ಪರೀಕ್ಷಿಸಬೇಕು. ಸೋಮವಾರ ಬೋರ್ಡ್ ಎಣಿಸಿದರೆ ಡೆವಲಪ್‌ಮೆಂಟ್‌ನಲ್ಲಿ ಎಂಟು, ರಿವ್ಯೂನಲ್ಲಿ ನಾಲ್ಕು, ಟೆಸ್ಟಿಂಗ್‌ನಲ್ಲಿ ಎರಡು, ಒಟ್ಟು ಹದಿನಾಲ್ಕು ಚೀಟಿ. ಕಳೆದ ಕೆಲವು ವಾರಗಳ ಲೆಕ್ಕ ತೆಗೆದರೆ ವಾರಕ್ಕೆ ಸರಾಸರಿ ಐದು ಕೆಲಸ ಮುಗಿದಿವೆ. ಬೆಳಗಿನ ಮೀಟಿಂಗ್‌ನಲ್ಲಿ ಕೇಳಿಬರುವ ಮಾತು ದಿನವೂ ಒಂದೇ: "ನಂದು ಮುಗೀತು, ರಿವ್ಯೂನಲ್ಲಿದೆ. ಇವತ್ತು ಹೊಸದು ತಗೋತೀನಿ."

ಇಲ್ಲಿ ಒಂದು ಸರಳ ಭಾಗಾಕಾರ ಕೆಲಸಕ್ಕೆ ಬರುತ್ತದೆ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಅದು. ಒಳಗಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿದರೆ ಒಂದು ಕೆಲಸ ಸರಾಸರಿ ಎಷ್ಟು ವಾರ ಒಳಗೇ ಇರುತ್ತದೆ ಎಂಬುದು ಸಿಗುತ್ತದೆ. ಹದಿನಾಲ್ಕನ್ನು ಐದರಿಂದ ಭಾಗಿಸಿದರೆ 2.8 ವಾರ, ಅಂದರೆ ಹದಿನಾಲ್ಕು ಕೆಲಸದ ದಿನ. ಒಳಗಿರುವುದು ಎಂಟೇ ಆದರೆ 1.6 ವಾರ, ಎಂಟು ದಿನ. ಯಾರೂ ಹೆಚ್ಚು ಹೊತ್ತು ದುಡಿಯಲಿಲ್ಲ, ವಾರಕ್ಕೆ ಮುಗಿಯುವುದೂ ಅದೇ ಐದು. ಕಡಿಮೆಯಾದದ್ದು ಚೀಟಿಗಳು ಸುಮ್ಮನೆ ಕಾದು ಕೂರುವ ಕಾಲ. ಆದರೆ ಇದು ಸರಾಸರಿಗಳ ಮಾತು, ಬರುವುದೂ ಹೋಗುವುದೂ ಹೆಚ್ಚುಕಡಿಮೆ ಸಮವಾಗಿದ್ದಾಗ ಹೊಂದುವ ಮಾತು. ನಿಮ್ಮ ನಿರ್ದಿಷ್ಟ ಚೀಟಿಯೊಂದು ಎಂಟನೇ ದಿನಕ್ಕೆ ಮುಗಿದೇ ತೀರುತ್ತದೆ ಎಂದು ಸೂತ್ರ ಭರವಸೆ ಕೊಡುವುದಿಲ್ಲ.

ಹಾಗಾದರೆ ಎಂಟನ್ನು ಹಂಚುವುದು ಹೇಗೆ? ಡೆವಲಪ್‌ಮೆಂಟ್‌ಗೆ ನಾಲ್ಕು, ರಿವ್ಯೂಗೆ ಎರಡು, ಟೆಸ್ಟಿಂಗ್‌ಗೆ ಎರಡು. ಇದನ್ನು ಕೇಳಿದ ಕೂಡಲೇ ಎಲ್ಲ ತಂಡದಲ್ಲೂ ಏಳುವ ಪ್ರಶ್ನೆ, "ನಾವು ಐದು ಜನ ಇದ್ದೀವಲ್ಲ, ನಾಲ್ಕು ಯಾಕೆ?" ಉತ್ತರ ಅದರಲ್ಲೇ ಇದೆ. ಐವರೂ ಒಟ್ಟಿಗೆ ಹೊಸ ಕೋಡ್ ಬರೆಯುತ್ತ ಕೂತರೆ ಬರೆದು ಮುಗಿದದ್ದನ್ನು ನೋಡುವವರು ಯಾರು? ಡೆವಲಪ್‌ಮೆಂಟ್ ಮಿತಿಯನ್ನು ತಂಡದ ಸಂಖ್ಯೆಗಿಂತ ಒಂದು ಕಡಿಮೆ ಇಟ್ಟರೆ ಯಾವಾಗಲೂ ಕನಿಷ್ಠ ಒಬ್ಬರು ರಿವ್ಯೂ ಅಥವಾ ಟೆಸ್ಟಿಂಗ್ ಕಡೆ ತಿರುಗಲೇಬೇಕಾಗುತ್ತದೆ. ಸಣ್ಣ ತಂಡಗಳಲ್ಲಿ ಚೀಟಿಗಳು ಹೆಚ್ಚಾಗಿ ಕೊಳೆಯುವುದು ರಿವ್ಯೂನಲ್ಲೇ ಆದ್ದರಿಂದ ಈ 'ಒಂದು ಕಡಿಮೆ'ಗೆ ಬಹಳ ಬೆಲೆಯಿದೆ.

ಮಿತಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಾಗುವುದು ಅದಕ್ಕೆ ಡಿಕ್ಕಿ ಹೊಡೆದಾಗ. ಬುಧವಾರ ಮಧ್ಯಾಹ್ನ ಒಬ್ಬಾಕೆ ತನ್ನ ಕೋಡ್ ಬರೆದು ಮುಗಿಸುತ್ತಾರೆ. ಚೀಟಿಯನ್ನು ರಿವ್ಯೂಗೆ ಸರಿಸೋಣವೆಂದರೆ ಅಲ್ಲಿ ಆಗಲೇ ಎರಡಿವೆ. ಹಾಗಾಗಿ ಅದು ಡೆವಲಪ್‌ಮೆಂಟ್‌ನಲ್ಲೇ, 'ಬರೆದಾಯಿತು' ಎಂಬ ಗುರುತಿನೊಂದಿಗೆ ಉಳಿಯುತ್ತದೆ, ನಾಲ್ಕರ ಲೆಕ್ಕದಲ್ಲೂ ಉಳಿಯುತ್ತದೆ. ಉಳಿದ ಮೂರು ಜಾಗಗಳಲ್ಲಿ ಸಹೋದ್ಯೋಗಿಗಳ ಕೆಲಸವಿದೆ. ಅಂದರೆ ಆಕೆ ಹೊಸ ಚೀಟಿ ಎತ್ತಿಕೊಳ್ಳುವಂತಿಲ್ಲ. ಮುಂದೆ ಇರುವುದು ಒಂದೇ ದಾರಿ: ರಿವ್ಯೂನಲ್ಲಿ ಕಾದಿರುವ ಎರಡರಲ್ಲಿ ಹಳೆಯದನ್ನು ತೆರೆದು ಓದುವುದು. ಅದು ಟೆಸ್ಟಿಂಗ್‌ಗೆ ಹೋದ ಕ್ಷಣ ರಿವ್ಯೂನಲ್ಲಿ ಒಂದು ಜಾಗ ಖಾಲಿ, ಆಕೆಯ ಚೀಟಿ ಅಲ್ಲಿಗೆ, ಡೆವಲಪ್‌ಮೆಂಟ್‌ನಲ್ಲಿ ಒಂದು ಜಾಗ ಖಾಲಿ, ಈಗ ಹೊಸ ಕೆಲಸಕ್ಕೆ ಅವಕಾಶ. ಯಾವ ಮ್ಯಾನೇಜರೂ 'ಸ್ವಲ್ಪ ರಿವ್ಯೂ ಮಾಡ್ರಪ್ಪಾ' ಎಂದು ಹಿಂದೆ ಬೀಳಬೇಕಾಗಲಿಲ್ಲ.

ಹದಿನಾಲ್ಕರಿಂದ ಎಂಟಕ್ಕೆ ಒಂದೇ ದಿನದಲ್ಲಿ ಇಳಿಯಲು ಹೋಗಬಾರದು. ಅರ್ಧ ಮುಗಿದ ಆರು ಕೆಲಸಗಳನ್ನು ಹಿಂದಕ್ಕೆ ಎಸೆದರೆ ಆಗಿರುವ ಶ್ರಮ ಹಾಳು, ಮನಸ್ತಾಪ ಬೇರೆ. ಹೊಸದನ್ನು ಎತ್ತಿಕೊಳ್ಳುವುದನ್ನು ನಿಲ್ಲಿಸಿ ಬಲತುದಿಯಿಂದ ಮುಗಿಸುತ್ತ ಬಂದರೆ ವಾರಕ್ಕೆ ಐದರ ವೇಗದಲ್ಲಿ ಒಂದು ವಾರ ಚಿಲ್ಲರೆಯಲ್ಲಿ ಎಂಟಕ್ಕೆ ಬರುತ್ತದೆ. ಆ ಒಂದೆರಡು ವಾರ ಹೊಸ ಕೋರಿಕೆ ತಂದವರಿಗೆ 'ಈಗ ಬೇಡ' ಎನ್ನಬೇಕಾಗುತ್ತದೆ. ಇಡೀ ಪದ್ಧತಿಯಲ್ಲಿ ಕಷ್ಟದ ಭಾಗವೆಂದರೆ ಇದೇ.

ಇಷ್ಟಾದ ಮೇಲೆ ಮಿತಿಯನ್ನು ಮುರಿಯದೆಯೇ ವಂಚಿಸುವ ಉಪಾಯಗಳು ಹುಟ್ಟಿಕೊಳ್ಳುತ್ತವೆ. ಬಹಳ ಸಾಮಾನ್ಯವಾದದ್ದು 'ಕಾಯುತ್ತಿದೆ' ಎಂಬ ಹೊಸ ಕಂಬಸಾಲು. ಒಂದು ಕೆಲಸಕ್ಕೆ ಪೇಮೆಂಟ್ ಗೇಟ್‌ವೇ ಕಂಪನಿಯಿಂದ ಉತ್ತರ ಬರಬೇಕಿದೆ ಎನ್ನಿ. ಅದು ಡೆವಲಪ್‌ಮೆಂಟ್‌ನ ಒಂದು ಜಾಗ ಹಿಡಿದು ಕೂತಿರುವುದು ಕಿರಿಕಿರಿ, ಆದ್ದರಿಂದ ಅದನ್ನು ಪಕ್ಕಕ್ಕೆ ಸರಿಸಿ ಹೊಸದು ಶುರುಮಾಡುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಆ ಪಕ್ಕದ ಕಂಬಸಾಲಿನಲ್ಲಿ ಏಳು ಚೀಟಿ ಧೂಳು ತಿನ್ನುತ್ತಿರುತ್ತವೆ. ಬೋರ್ಡ್ ಮಾತ್ರ ಶಿಸ್ತಾಗಿ ಕಾಣುತ್ತದೆ. ತಡೆಬಿದ್ದ ಚೀಟಿ ಇದ್ದಲ್ಲೇ ಇರಬೇಕು, ಕೆಂಪು ಗುರುತು ಹೊತ್ತು, ಜಾಗ ಹಿಡಿದುಕೊಂಡೇ ಇರಬೇಕು. ಆ ಕಿರಿಕಿರಿ ಇದ್ದರೆ ತಾನೇ ಯಾರಾದರೂ ಫೋನ್ ಎತ್ತಿ ಆ ಕಂಪನಿಯನ್ನು ವಿಚಾರಿಸುವುದು! ವಾರಗಟ್ಟಲೆ ಕಾಯಲೇಬೇಕಾದ ಕೆಲಸಗಳು ನಿಜಕ್ಕೂ ಇದ್ದರೆ 'ಕಾಯುತ್ತಿದೆ'ಗೂ ಎರಡು ಎಂಬ ಮಿತಿ ಹಾಕುವುದು ಒಳ್ಳೆಯದು.

ಇನ್ನೊಂದು ತುರ್ತು ಕೆಲಸದ ಹೆಸರಿನದು. ಗ್ರಾಹಕರ ಲಾಗಿನ್ ಕೆಟ್ಟುಹೋದಾಗ ಮಿತಿ ನೋಡುತ್ತ ಕೂರಲಾಗದು, ಅದಕ್ಕಾಗಿ ಬೋರ್ಡ್‌ನ ಮೇಲ್ಭಾಗದಲ್ಲಿ ಅಡ್ಡಲಾಗಿ ಒಂದು ತುರ್ತುದಾರಿ ಬಿಡುತ್ತಾರೆ. ಅದರ ಮಿತಿ ಒಂದೇ ಚೀಟಿ. ಆ ದಾರಿ ಪ್ರತಿ ವಾರವೂ ಬಳಕೆಯಾಗುತ್ತಿದ್ದರೆ ಅಲ್ಲಿ ಬರುತ್ತಿರುವುದು ತುರ್ತು ಕೆಲಸವಲ್ಲ, ಜೋರು ದನಿಯವರ ಕೆಲಸ.

ಅಂಕಿ ಸರಿಯಿದೆಯೇ ಎಂದು ತಿಳಿಯಲು ಬೋರ್ಡೇ ಸುಳಿವು ಕೊಡುತ್ತದೆ. ಎರಡು ಮೂರು ವಾರ ಕಳೆದರೂ ಒಬ್ಬರೂ ಮಿತಿಗೆ ಡಿಕ್ಕಿ ಹೊಡೆದಿಲ್ಲವೆಂದರೆ ಅದು ತೀರಾ ದೊಡ್ಡದು, ಇದ್ದೂ ಇಲ್ಲದಂತೆ. ಬದಲಿಗೆ ಇಬ್ಬರು ಮೂವರು ಒಟ್ಟಿಗೆ ಬಿಡುವಾಗಿದ್ದು, ರಿವ್ಯೂ ಟೆಸ್ಟಿಂಗ್‌ಗಳಲ್ಲೂ ಕೈಹಾಕಲು ಏನೂ ಇಲ್ಲ ಎಂಬ ಸ್ಥಿತಿ ಮತ್ತೆ ಮತ್ತೆ ಬಂದರೆ ಅದು ತೀರಾ ಚಿಕ್ಕದು. ಬದಲಾಯಿಸುವಾಗ ಒಂದು ಕಂಬಸಾಲಿನಲ್ಲಿ ಒಂದು ಅಂಕಿಯಷ್ಟೇ ಬದಲಾಯಿಸಿ ಮತ್ತೆರಡು ವಾರ ನೋಡಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ಹೇಳಲಾಗದು. ಡಿಕ್ಕಿಯಾದಾಗಲೆಲ್ಲ 'ಇದೊಂದು ಸಲ' ಎಂದು ನಾಲ್ಕನ್ನು ಐದು, ಐದನ್ನು ಆರು ಮಾಡುವ ತಂಡಗಳೇ ಹೆಚ್ಚು. ಚೀಟಿಯ ಮೇಲೆ ಅದು ಶುರುವಾದ ತಾರೀಕು ಬರೆದಿಡುವುದು ಇನ್ನೊಂದು ಒಳ್ಳೆಯ ರೂಢಿ. ಎಂಟು ದಿನದ ಸರಾಸರಿಯ ಬೋರ್ಡ್‌ನಲ್ಲಿ ಹದಿನೈದು ದಿನದ ಚೀಟಿ ಕಂಡರೆ ಬೆಳಗಿನ ಮೀಟಿಂಗ್ ಅಲ್ಲಿಂದಲೇ ಶುರುವಾಗಬಹುದು.

ಮಿತಿಯಿಂದ ಹೆಚ್ಚು ಪ್ರಯೋಜನವಾಗದ ತಂಡಗಳೂ ಇವೆ. ಐವರೂ ಐದು ಬೇರೆ ಬೇರೆ ಪ್ರಾಜೆಕ್ಟ್ ಮಾಡುತ್ತಿದ್ದು, ಒಬ್ಬರ ಕೋಡ್ ಇನ್ನೊಬ್ಬರಿಗೆ ತಲೆಬುಡ ತಿಳಿಯದಂತಿದ್ದರೆ, ಬುಧವಾರ ಮಧ್ಯಾಹ್ನ ಬಿಡುವಾದಾಕೆ ಯಾರಿಗೂ ನೆರವಾಗಲಾರರು. ಅಂಥಲ್ಲಿ ಕಂಬಸಾಲಿಗಿಂತ ತಲಾ ಒಬ್ಬರಿಗೆ ಒಂದು ಕೆಲಸ, ಅದು ತಡೆಬಿದ್ದರೆ ಇನ್ನೊಂದು ಎಂಬ ಲೆಕ್ಕ ಹೆಚ್ಚು ಹೊಂದುತ್ತದೆ.

ಸಲಕರಣೆಯ ಮೇಲೂ ಪೂರ್ತಿ ಭರವಸೆ ಬೇಡ. ಜಿರಾದಲ್ಲಿ ಬೋರ್ಡ್‌ನ ಕಂಬಸಾಲಿಗೆ ಗರಿಷ್ಠ ಮಿತಿ ನಮೂದಿಸುವ ಸೌಲಭ್ಯವಿದೆ. ಮಿತಿ ಮೀರಿದಾಗ ಆ ಕಂಬಸಾಲು ಕೆಂಪಾಗುತ್ತದೆ, ಅಷ್ಟೇ. ಐದನೆಯ ಚೀಟಿಯನ್ನು ಅದು ತಡೆಯುವುದಿಲ್ಲ.