ಗ್ರೂಪಿನಾಗ ತಪ್ಪು ಮೆಸೇಜ್ ಹೋಯ್ತಾ? ಒಂದು ಸಾಲು ಸಾಕು

ಇವತ್ತಿನ ವಿಷಯ ಸಣ್ಣದು, ಆದ್ರೆ ರೈಲು ತಪ್ಪಿಸೋವಷ್ಟು ದೊಡ್ಡದು.

ಒಂದು ಉದಾಹರಣೆ ತಗೊಳ್ಳೋಣ. ಮದುವಿಗಿ ಹೊಂಟಿರೋ ನೆಂಟರ ವಾಟ್ಸ್‌ಆ್ಯಪ್ ಗ್ರೂಪ್. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ, ನಾಲ್ಕೂ ಕಡೆಯವರು ವಾಡಿ ಜಂಕ್ಷನ್‌ನಲ್ಲಿ ಕೂಡಿ ಒಂದೇ ರೈಲು ಹತ್ತಬೇಕು. ಒಬ್ಬ ಹುಡುಗ "ನಾಳೆ 9ಕ್ಕೆ ವಾಡಿ ಸ್ಟೇಷನ್‌ಗೆ ಬರ್ರಿ" ಅಂತ ಹಾಕಿದ. ಖರೆ ಟೈಮ್ 8. ಗೊತ್ತಾಗಿದ್ದು 40 ನಿಮಿಷ ಆದಮ್ಯಾಗ.

ಶಹಾಬಾದದವರಿಗೆ ವಾಡಿ ಹತ್ತಿರ, ಹೆಂಗೋ ಓಡಿ ಬರ್ತಾರೆ. ಚಿಂಚೋಳಿಗೆ ರೈಲೇ ಇಲ್ಲ. ಅಲ್ಲಿಯವರು ಬಸ್ಸು ಹಿಡಿದು ಸೇಡಂ ಕಡೆಯಿಂದ ಬರಬೇಕು, ಒಂದು ತಾಸು ಹೆಚ್ಚುಕಮ್ಮಿ ಆದ್ರೆ ಮುಗೀತು.

ಮೆಸೇಜ್ ಎಡಿಟ್ ಮಾಡೋಕೆ ಸಿಗೋದು 15 ನಿಮಿಷ ಮಾತ್ರ, ಅದು ದಾಟಿತ್ತು. ಟೈಮ್ ಇದ್ದರೂ ಇಲ್ಲಿ ಎಡಿಟ್ ನಂಬಬಾರದು. ಎಡಿಟ್ ಮಾಡಿದ್ರೆ ಹೊಸ ನೋಟಿಫಿಕೇಶನ್ ಬರಲ್ಲ. ಒಮ್ಮೆ ಓದಿ ಫೋನ್ ಕೆಳಗಿಟ್ಟ ಕಾಕಾ ಮತ್ತೆ ತೆಗೆದು ನೋಡಲ್ಲ. ಅಕ್ಷರ ತಪ್ಪಿದ್ರೆ ಎಡಿಟ್ ಸಾಕು. ಟೈಮು, ತಾರೀಖು, ರೊಕ್ಕದ ಲೆಕ್ಕ ತಪ್ಪಿದ್ರೆ ಹೊಸ ಮೆಸೇಜೇ ಬೇಕು:

"ಸಾರಿ ರೀ, ಟೈಮ್ ತಪ್ಪು ಹಾಕಿದ್ದೆ. 9 ಅಲ್ಲ. ಭಾನುವಾರ ಬೆಳಿಗ್ಗೆ 8ಕ್ಕೆ ವಾಡಿ ಸ್ಟೇಷನ್."

ಹಳೇ ಮೆಸೇಜಿಗೇ ರಿಪ್ಲೈ ಆಗಿ ಇದನ್ನು ಹಾಕಿದ್ರೆ ಯಾವುದು ತಪ್ಪು ಅಂತ ಕಣ್ಣಿಗೆ ಬೀಳ್ತದ. "ನಾಳೆ" ಬದಲು ವಾರ ಬರೆದಿದ್ದು ಯಾಕಂದ್ರೆ ರಾತ್ರಿ 12ರ ಮ್ಯಾಲ ಓದಿದವರಿಗೆ "ನಾಳೆ" ಸೋಮವಾರ ಆಗ್ತದ. ಊರು, ಟೈಮ್ ಮತ್ತೆ ಪೂರ್ತಿ ಬರೆದಿದ್ದಕ್ಕೂ ಕಾರಣ ಅದ: ಅಷ್ಟೊತ್ತಿಗೆ ಯಾರೋ ಹಳೇದನ್ನ ಬ್ಯಾರೆ ಕಡೆ ಫಾರ್ವರ್ಡ್ ಮಾಡಿರ್ತಾರೆ. ನೀವು ಡಿಲೀಟ್ ಮಾಡಿದ್ರೂ ಆ ಕಾಪಿ ಅಳಿಯಲ್ಲ. ಈ ಒಂದು ಸಾಲನ್ನೂ ಹಂಗೇ ಮುಂದ ಕಳಿಸೋಕೆ ಬರಬೇಕು.

ಇನ್ನು ಬ್ಯಾರೆ ಗ್ರೂಪಿಗೆ ಹೋದ ಮೆಸೇಜ್. ಗಡಿಬಿಡಿಯಾಗ Delete for me ಒತ್ತಿದ್ರೆ ನಿಮಗಷ್ಟೇ ಮಾಯ, ಉಳಿದವರಿಗೆ ಕಾಣ್ತಲೇ ಇರ್ತದ. ಒತ್ತಬೇಕಾದ್ದು Delete for everyone. ಅದಕ್ಕ ಸುಮಾರು ಎರಡು ದಿನ ಅವಕಾಶ ಅದ. ಅಳಿಸಿದ ಗುರುತು ಹಂಗೇ ಉಳೀತದ, ಅದನ್ನ ನೋಡಿ "ಏನಿತ್ತೋ" ಅಂತ ಗುಸುಗುಸು ಶುರು. ಅದಕ್ಕ ಕೆಳಗ ಒಂದು ಸಾಲು: "ಸಾರಿ ರೀ, ಬ್ಯಾರೆ ಗ್ರೂಪಿಗೆ ಹಾಕೋದು ಇಲ್ಲಿ ಹಾಕಿದೆ, ತೆಗೆದೀನಿ."

"ಹಾಕಿದೆ" ಅನ್ನೋದು ಮುಖ್ಯ. "ತಪ್ಪಿ ಬಂತು" ಅಂದ್ರೆ ಮೆಸೇಜ್ ತಾನೇ ನಡ್ಕೊಂಡು ಬಂದಂಗ! ಹಿರಿಯರಿರೋ ಗ್ರೂಪಿನಾಗ ಬರೀ "ಸಾರಿ" ಒಣಾ ಒಣಾ ಅನಿಸ್ತದ, "ರೀ" ಸೇರಿದ್ರೆ ಸಾಕು. ಕೈಮುಗಿಯೋ ಇಮೋಜಿ ಹತ್ತು ಬೇಕಿಲ್ಲ.

ಆದ್ರೆ ಮೆಸೇಜ್ ಆ ಗ್ರೂಪಿನಾಗಿರೋ ಅತ್ತಿಯ ಬಗ್ಗೆನೇ ಇತ್ತು ಅಂದ್ರೆ? ಗ್ರೂಪಿನಾಗ ಅದೇ ಒಂದು ಸಾಲು. ಅತ್ತಿಗೆ ಮಾತ್ರ ಫೋನ್ ಹಚ್ರಿ, ಅವರು ಬ್ಯಾರೆಯವರ ಬಾಯಿಂದ ಕೇಳೋಕಿಂತ ಮೊದಲು.