ಜಾಹೀರಾತು ಹಳಸಿದ್ದು ಗೊತ್ತಾಗುವುದು ಹೇಗೆ?

ಆನ್‌ಲೈನಿನಲ್ಲಿ ಇಳಕಲ್ ಸೀರೆ ಮಾರುವ ಒಂದು ಸಣ್ಣ ಅಂಗಡಿ ಇದೆ ಎಂದುಕೊಳ್ಳಿ. ದಿನಕ್ಕೆ 1,000 ರೂಪಾಯಿಯಂತೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಅದರ ಒಂದೇ ವಿಡಿಯೊ ಜಾಹೀರಾತು ಓಡುತ್ತಿದೆ. ಮೊದಲ ವಾರ 35 ಸೀರೆ ಹೋದವು, ಅಂದರೆ ಒಂದು ಆರ್ಡರಿಗೆ ಬಿದ್ದ ಜಾಹೀರಾತಿನ ಖರ್ಚು 200 ರೂಪಾಯಿ. ನಾಲ್ಕನೇ ವಾರ ಅದೇ 7,000 ರೂಪಾಯಿಗೆ ಹೋದದ್ದು 14 ಸೀರೆ. ಖರ್ಚು 500ಕ್ಕೆ ಏರಿತು. ಇಂಥ ಹೊತ್ತಿನಲ್ಲಿ ಕೆಲವರು ಬಜೆಟ್ ಏರಿಸುತ್ತಾರೆ, ಕೆಲವರು ಗಾಬರಿಬಿದ್ದು ಜಾಹೀರಾತನ್ನೇ ನಿಲ್ಲಿಸುತ್ತಾರೆ. ಹಳಸಿದ್ದು ಜಾಹೀರಾತೋ, ಕೆಟ್ಟದ್ದು ಬೇರೆ ಏನಾದರೋ ಎಂದು ಮೊದಲು ನೋಡುವವರು ಕಡಿಮೆ.

ಉತ್ತರ ಮೆಟಾದ ಆ್ಯಡ್ಸ್ ಮ್ಯಾನೇಜರ್‌ನಲ್ಲೇ ಇರುತ್ತದೆ. ಮೊದಲು ಫ್ರೀಕ್ವೆನ್ಸಿ ನೋಡಿ. ಜಾಹೀರಾತು ಒಟ್ಟು ಎಷ್ಟು ಸಲ ಕಾಣಿಸಿಕೊಂಡಿತೋ ಅದನ್ನು ನೋಡಿದ ಜನರ ಸಂಖ್ಯೆಯಿಂದ ಭಾಗಿಸಿದರೆ ಬರುವ ಸರಾಸರಿ ಇದು. ನಮ್ಮ ಅಂಗಡಿಯ ಮೊದಲ ವಾರದಲ್ಲಿ 50,000 ಜನಕ್ಕೆ 70,000 ಸಲ ಕಂಡಿತ್ತು, ಸರಾಸರಿ 1.4. ನಾಲ್ಕನೇ ವಾರ ಸುಮಾರು 15,600 ಜನಕ್ಕೆ 62,500 ಸಲ, ಅಂದರೆ ತಲಾ ನಾಲ್ಕು ಸಲ. ನೋಡಿದವರೇ ಮತ್ತೆ ಮತ್ತೆ ನೋಡುತ್ತಿದ್ದಾರೆ.

ಆದರೆ ಫ್ರೀಕ್ವೆನ್ಸಿ ಏರಿದ ಮಾತ್ರಕ್ಕೆ ತೀರ್ಮಾನಕ್ಕೆ ಬರುವಂತಿಲ್ಲ. ಅದರ ಜೊತೆಗೆ ಕ್ಲಿಕ್ ಪ್ರಮಾಣ ಇಳಿಯುತ್ತಿದೆಯೇ ಎಂಬುದು ಮುಖ್ಯ. ಮೊದಲು ನೂರು ಸಲ ಕಂಡರೆ 1.5 ಕ್ಲಿಕ್ ಬರುತ್ತಿದ್ದವು, ಈಗ 0.7. ಅರ್ಧಕ್ಕಿಂತ ಕಡಿಮೆ. ಕ್ಲಿಕ್ ಮಾಡಿ ಒಳಗೆ ಬಂದವರು ಏನು ಮಾಡಿದರು? ಆಗಲೂ ಈಗಲೂ ನೂರರಲ್ಲಿ ಸುಮಾರು ಮೂವರು ಕೊಂಡಿದ್ದಾರೆ. ಹಾಗಾದರೆ ಅಂಗಡಿ, ಬೆಲೆ, ಹಣ ಪಾವತಿಯ ಪುಟ ಎಲ್ಲ ಸರಿಯಾಗಿಯೇ ಇವೆ. ಕ್ಲಿಕ್ ಅಷ್ಟೇ ಇದ್ದು ಕೊಳ್ಳುವವರು ಕಡಿಮೆಯಾಗಿದ್ದರೆ ದೋಷ ವೆಬ್‌ಸೈಟಿನಲ್ಲಿ ಇರುತ್ತಿತ್ತು, ಹೊಸ ವಿಡಿಯೊ ಮಾಡಿಸಿ ಪ್ರಯೋಜನವಿರುತ್ತಿರಲಿಲ್ಲ. ಸಾವಿರ ಸಲ ತೋರಿಸುವ ದರ 100ರಿಂದ 112 ರೂಪಾಯಿಗೆ ಏರಿದೆ, ನಿಜ. ದೀಪಾವಳಿ ಹೊತ್ತಿಗೆ ಎಲ್ಲರೂ ಹರಾಜಿಗೆ ನಿಲ್ಲುವುದರಿಂದ ಈ ದರ ಇನ್ನೂ ಜಿಗಿಯಬಹುದು. ಆದರೆ ಖರ್ಚು ಎರಡೂವರೆ ಪಟ್ಟಾದದ್ದಕ್ಕೆ ಈ 12 ರೂಪಾಯಿ ಕಾರಣವಾಗಲಾರದು. ಹಳಸಿದ್ದು ಜಾಹೀರಾತೇ.

ಫಲಿತಾಂಶವೊಂದರ ಖರ್ಚು ನಿಮ್ಮ ಹಿಂದಿನ ಜಾಹೀರಾತುಗಳಿಗಿಂತ ಎರಡು ಪಟ್ಟು ಅಥವಾ ಹೆಚ್ಚಾದಾಗ ಮೆಟಾ ತಾನೇ Creative fatigue ಎಂದು ತೋರಿಸುತ್ತದೆ. ಅದಕ್ಕಿಂತ ಕಡಿಮೆ ಏರಿದ್ದರೆ Creative limited ಎನ್ನುತ್ತದೆ. ಅದನ್ನೇ ಕಾಯುತ್ತಾ ಕೂರುವುದು ನನಗೆ ಸರಿಯೆನಿಸುವುದಿಲ್ಲ. ಮೆಟಾಗೆ ನಿಮ್ಮ ಲಾಭ ಎಷ್ಟೆಂದು ಗೊತ್ತಿಲ್ಲ. ಸೀರೆಯೊಂದಕ್ಕೆ ಜಾಹೀರಾತಿನ ಖರ್ಚು ಬಿಟ್ಟು ಉಳಿಯುವುದು 450 ರೂಪಾಯಿ ಎಂದಾದರೆ, 500 ಮುಟ್ಟುವ ಹೊತ್ತಿಗೆ ಅಂಗಡಿ ನಷ್ಟದಲ್ಲಿರುತ್ತದೆ. ಹೊಸ ವಿಡಿಯೊ ತಯಾರಾಗಲು ವಾರ ಹಿಡಿಯುತ್ತದೆಂದರೆ 300 ದಾಟಿದಾಗಲೇ ಕೆಲಸ ಶುರುವಾಗಬೇಕು. ಹಾಗೆಂದು ಒಂದೆರಡು ದಿನದ ಇಳಿತಕ್ಕೆ ಹೆದರಬೇಡಿ. ದಿನಕ್ಕೆ ನಾಲ್ಕೈದು ಆರ್ಡರ್ ಬರುವಲ್ಲಿ ಒಂದು ದಿನ ಎರಡೇ ಬಂದರೆ ಅದು ಬರೀ ಆಕಸ್ಮಿಕ ಇರಬಹುದು. ವಾರವನ್ನು ವಾರದ ಜೊತೆ ಹೋಲಿಸಿ.

ಇನ್ನು ಬದಲಿಸಬೇಕಾದದ್ದು ಏನು? ಎಷ್ಟು ಸಲ ಕಂಡಿದೆಯೋ ಅದರಲ್ಲಿ ಎಷ್ಟು ಸಲ ವಿಡಿಯೊವನ್ನು ಮೂರು ಸೆಕೆಂಡಾದರೂ ನೋಡಿದ್ದಾರೆ ಎಂಬ ಲೆಕ್ಕ ತೆಗೆಯಿರಿ. ಅದು ಕುಸಿದಿದ್ದರೆ ಜನ ಆರಂಭ ಕಂಡ ಕೂಡಲೇ ಮುಂದೆ ಸರಿಸುತ್ತಿದ್ದಾರೆ ಎಂದರ್ಥ. ಮೊದಲ ದೃಶ್ಯ, ಮೊದಲ ಮಾತು ಬದಲಿಸಿದರೆ ಅದೇ ವಿಡಿಯೊ ಇನ್ನಷ್ಟು ದಿನ ಬಾಳಬಹುದು. ಜನ ನಿಂತು ನೋಡುತ್ತಿದ್ದಾರೆ, ಆದರೂ ಒತ್ತುತ್ತಿಲ್ಲ ಎಂದಾದರೆ ಮಾತೇ ಸವೆದಿದೆ. ಆಗ ಹಿನ್ನೆಲೆಯ ಬಣ್ಣ ಬದಲಿಸಿ, ಅಕ್ಷರ ದೊಡ್ಡದು ಮಾಡಿ ಏನೂ ಆಗದು. ಇಷ್ಟು ದಿನ ‘20% ರಿಯಾಯಿತಿ’ ಎನ್ನುತ್ತಿದ್ದವರು ಈಗ ಮಗ್ಗದ ಮುಂದೆ ಕ್ಯಾಮೆರಾ ಇಟ್ಟು, ಒಡಲಿನ ಹಾಸಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದನ್ನು ತೋರಿಸಬಹುದು. ಅಥವಾ ಸೀರೆ ಉಟ್ಟ ಗ್ರಾಹಕಿಯೊಬ್ಬರೇ ‘ಬಣ್ಣ ಬಿಡುತ್ತದೆಯೇ?’ ಎಂಬ ಅನುಮಾನಕ್ಕೆ ಉತ್ತರ ಹೇಳಲಿ. ರಿಯಾಯಿತಿಗೆ ಜಗ್ಗದವರಿಗೆ ಕೊಳ್ಳಲು ಬೇರೊಂದು ಕಾರಣ ಸಿಗುತ್ತದೆ.

ಹೊಸದನ್ನು ಹಾಕುವಾಗ ಓಡುತ್ತಿರುವ ಜಾಹೀರಾತಿನಲ್ಲೇ ಚಿತ್ರ ಬದಲಿಸಬೇಡಿ. ದೊಡ್ಡ ಬದಲಾವಣೆಯಾದರೆ ಮೆಟಾದ ವ್ಯವಸ್ಥೆ ಕಲಿಕೆಯನ್ನು ಮೊದಲಿನಿಂದ ಶುರುಮಾಡುತ್ತದೆ, ಅದು ಮುಗಿಯಲು ವಾರದಲ್ಲಿ ಸುಮಾರು 50 ಫಲಿತಾಂಶಗಳು ಬೇಕು. ಹೊಸ ಜಾಹೀರಾತು ಸೇರಿಸಿದರೂ ಹೀಗಾಗುವುದರಿಂದ ದಿನಕ್ಕೊಂದು ಸೇರಿಸುವ ಬದಲು ಎರಡು ಮೂರನ್ನು ಒಟ್ಟಿಗೇ ಹಾಕಿ, ಒಂದು ವಾರ ಕೈಹಾಕದೆ ಬಿಡುವುದು ಮೇಲು. ನಮ್ಮಂಥ ಅಂಗಡಿಗೆ ವಾರಕ್ಕೆ 50 ಆರ್ಡರ್ ಕಷ್ಟ, ಹಾಗಾಗಿ ಅಂಕಿಗಳು ಸ್ವಲ್ಪ ಏರಿಳಿಯುತ್ತಲೇ ಇರುತ್ತವೆ.

ಹಳೆಯ ಜಾಹೀರಾತನ್ನು ಅಳಿಸಬೇಡಿ, ಆಫ್ ಮಾಡಿಡಿ. ಕೆಲವು ತಿಂಗಳು ಬಿಟ್ಟು, ಅದನ್ನು ಎಂದೂ ನೋಡಿರದ ಜನರ ಮುಂದೆ ಮತ್ತೆ ಇಟ್ಟು ನೋಡಿ.