ಚರಂಡಿ ಮಣ್ಣು ಯಾರ ತಲೆಗೆ?

ಬಸವಕಲ್ಯಾಣವಿರಲಿ, ಹುಮನಾಬಾದ್ ಇರಲಿ, ಚರಂಡಿ ಅಗೆದ ಮಣ್ಣು ಅಂಗಡಿ ಮುಂದೆ ವಾರಗಟ್ಟಲೆ ಬಿದ್ದಿದ್ದರೆ ಗುತ್ತಿಗೆದಾರನನ್ನು ಬೈಯುವುದು ವಾಡಿಕೆ. ಜಗಳದ ಬೇರು ಎಷ್ಟೋ ಸಲ ಟೆಂಡರ್ ಕಾಗದದಲ್ಲೇ ಇರುತ್ತದೆ.

ಒಂದು ಉದಾಹರಣೆ ನೋಡಿ. ಐಟಂ 4ರಲ್ಲಿ ‘ಅಗೆತ, 50 ಮೀಟರ್ ಸಾಗಣೆ ಸೇರಿ’ ಎಂದಿದೆ. ಷರತ್ತು 12ರಲ್ಲಿ ‘ಮಣ್ಣನ್ನು ಊರಾಚೆ ಹಾಕತಕ್ಕದ್ದು’ ಎಂದಿದೆ. ಊರಾಚೆಗೆ ಒಯ್ಯುವ ಬಾಡಿಗೆ ಯಾರದು? ದರ ಹಾಕುವ ಮುಂಚೆಯೇ ಬರೆದು ಕೇಳಬೇಕು.

ಆದರೆ ಕೇಳುವುದಕ್ಕೂ ರೀತಿಯುಂಟು. ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯಡಿಯ ಟೆಂಡರುಗಳಲ್ಲಿ ಉತ್ತರ ಎಲ್ಲ ಸ್ಪರ್ಧಿಗಳಿಗೂ ಹೋಗುತ್ತದೆ. ಕೇಳಿದವರ ಹೆಸರಿರದು, ಪ್ರಶ್ನೆ ಮಾತ್ರ ತಿಳಿಯುತ್ತದೆ. ‘ಹುಮನಾಬಾದ್ ದಾರ್‍ಯಾಗ ನಮ್ಮ ಹೊಲ ಅದ, 2 ಕಿ.ಮೀ. ಹಿಡಿದು ದರ ಹಾಕೀವಿ, ನಡೀತದೇನ್ರಿ?’ ಎಂದರೆ ಗುಟ್ಟು ರಟ್ಟು. ಎದುರಾಳಿ ಅದಕ್ಕಿಂತ ಕೆಳಗೆ ಹಾಕುತ್ತಾನೆ.

ಬಲ್ಲವರ ಪ್ರಶ್ನೆ ಹೀಗಿರುತ್ತದೆ: ‘50 ಮೀಟರ್ ಮೀರಿದ ಸಾಗಣೆ ಐಟಂ 4ರ ದರದಲ್ಲೇ ಸೇರಿದೆಯೇ, ಇಲ್ಲವೇ ಬೇರೆಯಾಗಿ ಅಳೆದು ಹಣ ಕೊಡುವಿರೇ?’ ಇದರಲ್ಲಿ ತನ್ನ ಜಾಗವಿಲ್ಲ, ದೂರವಿಲ್ಲ, ದರವಿಲ್ಲ. ಯಾವ ಉತ್ತರ ಬೇಕೆಂಬ ಸುಳಿವೂ ಇಲ್ಲ.

ಕಚೇರಿಯ ಬಾಯಿಮಾತು ಬಿಲ್ಲಿನ ಹೊತ್ತಿಗೆ ನಿಲ್ಲದು. ಲಿಖಿತ ಉತ್ತರ ಬಂದರೆ ಎಲ್ಲರೂ ಒಂದೇ ಕೆಲಸಕ್ಕೆ ದರ ಹಾಕುತ್ತಾರೆ. ಆಮೇಲೆ ಮಣ್ಣು ಅಂಗಡಿ ಮುಂದೆ ಉಳಿದರೆ ‘ನಮ್ಮ ಹೊಣೆಯಲ್ಲ’ ಎನ್ನಲು ಯಾರಿಗೂ ಬಾಯಿಲ್ಲ.